ಒಂದು ಲಗ್ನಪತ್ರಿಕೆ ಇಟಲಿಗೆ ಹೋದ ಕಥೆ

ಪ್ರಾಜೆಕ್ಟ್ ನೆಪದಲ್ಲಿ ಹದಿನಾಲ್ಕು ತಿಂಗಳು ಇಟಲಿಯ ತೊರಿನೋದಲ್ಲಿದ್ದೆ. ನಮ್ಮ ಭೂಪಟಗಳಲ್ಲಿ ಟ್ಯೂರಿನ್ ಅಂತ ಇರುತ್ತಲ್ಲ, ಅದೇ ಊರು. ಅಲ್ಲಿ ನನಗೆ ಅತಿ ಹೆಚ್ಚು ತಲೆ ತಿಂದ ಕೆಲಸ ಕೋಡ್ ಬರೆಯೋದಲ್ಲ, ಒಂದು ಮದುವೆ ಕಾಗದ ಸರಿ ಮಾಡಿಕೊಡೋದು!

2023ರ ಫೆಬ್ರವರಿಯ ಒಂದು ಸಂಜೆ ಪಕ್ಕದ ಸೀಟಿನ ಗೆಳೆಯ ತನ್ನ ಲ್ಯಾಪ್‌ಟಾಪ್ ನನ್ನ ಕಡೆ ತಿರುಗಿಸಿ "ಇದರ ಫಾಂಟು, ಸಾಲುಗಳ ಅಂತರ ಸ್ವಲ್ಪ ನೋಡ್ತೀಯಾ?" ಅಂದ. ಅವನದೇ ಮದುವೆಯ ಕಾಗದ. ಹುಡುಗಿ ಅಮೆರಿಕದವಳು, ಮದುವೆ ಹುಡುಗನ ಊರಿನ ಚರ್ಚಿನಲ್ಲಿ. ಇಬ್ಬರ ಹೆಸರನ್ನೂ ಇಲ್ಲಿ ಬದಲಿಸಿದ್ದೇನೆ. ಅವನು ಲೂಕಾ ರೊಸ್ಸಿ, ಅವಳು ಜೇನ್ ಸ್ಮಿತ್ ಅಂತಿಟ್ಟುಕೊಳ್ಳಿ. ಎರಡೂ ದೇಶಗಳಲ್ಲಿ ಕಲ್ಲೆಸೆದರೆ ಯಾರೋ ಒಬ್ಬ ಸ್ಮಿತ್‌ಗೋ ರೊಸ್ಸಿಗೋ ತಾಗುತ್ತೆ, ಹಾಗಾಗಿ ಗುಟ್ಟು ರಟ್ಟಾಗುವ ಭಯವಿಲ್ಲ.

ಜೇನ್‌ಳ ಮನೆಯವರು ಕಳಿಸಿದ ಇಂಗ್ಲಿಷ್ ಒಕ್ಕಣೆ ಹೀಗಿತ್ತು. ಕನ್ನಡ ಲಿಪಿಯಲ್ಲೇ ಬರೆಯುತ್ತೇನೆ, ಸಾಲುಗಳು ಕಾರ್ಡಿನಲ್ಲಿದ್ದಂತೆಯೇ:

ಮಿಸ್ಟರ್ ಅಂಡ್ ಮಿಸೆಸ್ ವಿಲಿಯಮ್ ಸ್ಮಿತ್
ರಿಕ್ವೆಸ್ಟ್ ದಿ ಆನರ್ ಆಫ್ ಯುವರ್ ಪ್ರೆಸೆನ್ಸ್
ಅಟ್ ದ ಮ್ಯಾರೇಜ್ ಆಫ್ ದೇರ್ ಡಾಟರ್
ಜೇನ್ ಎಲಿಜಬೆತ್
ಟು
ಮಿಸ್ಟರ್ ಲೂಕಾ ರೊಸ್ಸಿ
ಆನ್ ಸ್ಯಾಟರ್ಡೇ, ದ ಫಸ್ಟ್ ಆಫ್ ಜುಲೈ
ಟೂ ಥೌಸಂಡ್ ಟ್ವೆಂಟಿ-ಥ್ರೀ
ಅಟ್ ಹಾಫ್ ಆಫ್ಟರ್ ಫೋರ್ ಓ'ಕ್ಲಾಕ್

ನೂರು ವರ್ಷದಿಂದ ಹೆಚ್ಚುಕಡಿಮೆ ಇದೇ ಅಚ್ಚು. 1922ರಲ್ಲಿ ಎಮಿಲಿ ಪೋಸ್ಟ್ ಎಂಬಾಕೆ ಅಮೆರಿಕದಲ್ಲಿ 'ಎಟಿಕೆಟ್' ಅನ್ನೋ ದಪ್ಪ ಪುಸ್ತಕ ಬರೆದರು. ಅದರಲ್ಲಿರುವ ಮದುವೆ ಕಾರ್ಡಿನ ಮಾದರಿಯೂ ಈ ಜಾತಿಯದ್ದೇ. ಮೇಲ್ನೋಟಕ್ಕೆ ಒಂದೇ ಒಂದು ವಾಕ್ಯ, ಆದರೆ ಪ್ರತಿ ಪದಕ್ಕೂ ಒಂದು ಕಟ್ಟಳೆ ಇದೆ. ಚರ್ಚಿನೊಳಗಿನ ಮದುವೆಯಾದರೆ 'ಆನರ್ ಆಫ್ ಯುವರ್ ಪ್ರೆಸೆನ್ಸ್' ಅನ್ನಬೇಕು. ಬರೀ ಊಟ, ಆರತಕ್ಷತೆ ಆದರೆ 'ಪ್ಲೆಷರ್ ಆಫ್ ಯುವರ್ ಕಂಪನಿ'. ಬೇರೆಲ್ಲ ಕಡೆ 'ಆನರ್' ಪದದಿಂದ 'ಯು' ಅಕ್ಷರ ಕಿತ್ತು ಹಾಕುವ ಅಮೆರಿಕದವರು ಮದುವೆ ಕಾರ್ಡಿನಲ್ಲಿ ಮಾತ್ರ ಬ್ರಿಟಿಷರ ಹಾಗೆ ಆ 'ಯು' ಉಳಿಸಿಕೊಳ್ತಾರೆ. ತಾರೀಕು, ಗಂಟೆ ಯಾವುದನ್ನೂ ಅಂಕಿಯಲ್ಲಿ ಬರೆಯೋ ಹಾಗಿಲ್ಲ. ಮದುಮಗಳಿಗೆ ಮನೆತನದ ಹೆಸರು ಹಾಕೋ ಹಾಗಿಲ್ಲ, ಯಾಕಂದರೆ ಅಪ್ಪ ಅಮ್ಮನ ಹೆಸರಲ್ಲೇ ಅದು ಬಂದಾಗಿದೆ.

ಜೇನ್ ಸಂಜೆ ಕ್ಲಾಸಿನಲ್ಲಿ ಇಟಾಲಿಯನ್ ಕಲಿಯುತ್ತಿದ್ದಳು. ಪದಕ್ಕೆ ಪದ ಇಟ್ಟು ತಾನೇ ಅನುವಾದ ಮಾಡಿದ್ದಳು. 'ಇಲ್ ಸಿಞೋರ್ ಎ ಲಾ ಸಿಞೋರಾ ವಿಲಿಯಮ್ ಸ್ಮಿತ್' ಅಂತ ಶುರುವಾಗಿ, 'ರಿಕಿಯೇದೊನೊ ಲೊನೋರೆ ದೆಲ್ಲಾ ವೊಸ್ತ್ರಾ ಪ್ರೆಸೆಂಝಾ' ಅಂತ ಮುಂದುವರಿದಿತ್ತು. 'ನಿಮ್ಮ ಉಪಸ್ಥಿತಿಯ ಗೌರವವನ್ನು ಕೋರುತ್ತಾರೆ' ಅಂತ ಅರ್ಥ. ನಾನೂ ಅದೇ ಥರದ ಕ್ಲಾಸಿಗೆ ಹೋಗ್ತಿದ್ದವನು. ವ್ಯಾಕರಣದ ತಪ್ಪು ನನಗೇನೂ ಕಾಣಲಿಲ್ಲ. ಫಾಂಟು ಸರಿ ಮಾಡಿ ಕೊಟ್ಟೆ, ಲೂಕಾ ಪ್ರಿಂಟ್ ತೆಗೆದು ಭಾನುವಾರ ಅಮ್ಮನಿಗೆ ತೋರಿಸಲು ಒಯ್ದ.

ಸೋಮವಾರ ಬಂದಾಗ ಮುಖ ಇಷ್ಟು ಸಣ್ಣದಾಗಿತ್ತು. ಅಮ್ಮ ಕನ್ನಡಕ ಹಾಕಿಕೊಂಡು ಎರಡು ಸಲ ಓದಿ, ಕಾಗದ ಮೇಜಿನ ಮೇಲಿಟ್ಟು, "ಎ ಈಓ?" ಅಂದರಂತೆ. "ಮತ್ತೆ, ನಾನು?" ಅಷ್ಟೇ. ಮತ್ತೇನೂ ಅನ್ನಲಿಲ್ಲವಂತೆ.

ಲೂಕಾನ ಅಪ್ಪ ತೀರಿಹೋಗಿ ಒಂಬತ್ತು ವರ್ಷವಾಗಿತ್ತು. ಇವನೊಬ್ಬನೇ ಮಗ. ಆ ಮಗನ ಮದುವೆ ಕಾಗದದಲ್ಲಿ, ಅದೂ ತಮ್ಮದೇ ಊರಿನ ಚರ್ಚಿನ ಮದುವೆಯಲ್ಲಿ, ಯಾರೋ ಸ್ಮಿತ್ ದಂಪತಿ ಕರೆಯುತ್ತಿದ್ದಾರೆ, ತನ್ನ ಹೆಸರೇ ಇಲ್ಲ. ಜೇನ್‌ಳ ತಪ್ಪೇನೂ ಇಲ್ಲ. ಇಂಗ್ಲಿಷ್ ಪದ್ಧತಿಯಲ್ಲಿ ಹುಡುಗನ ಅಪ್ಪ ಅಮ್ಮ ಕಾರ್ಡಿನಲ್ಲಿ ಬರುವುದೇ ಇಲ್ಲ. ಬದುಕಿದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ.

ಯಾಕೆ ಹೀಗೆ ಅಂತ ನನಗೆ ಹುಳ ಹೊಕ್ಕಿತು. ಮುಂದಿನ ಎರಡು ಮೂರು ವಾರ ಆಫೀಸು ಮುಗಿದ ಮೇಲೆ ಲೈಬ್ರರಿಯಲ್ಲಿ ಕೂತಿದ್ದೇ ಕೂತಿದ್ದು. ಅಲ್ಲಿ ಕಲಿತದ್ದನ್ನು ಹೇಳೋದಕ್ಕೇ ಇಷ್ಟು ಪೀಠಿಕೆ.

ಇಂಗ್ಲಿಷ್ ವಾಕ್ಯವನ್ನು ಇನ್ನೊಮ್ಮೆ ನೋಡಿ. ಅಲ್ಲಿ ಕರ್ತೃ ಯಾರು? ಆತಿಥೇಯರು. ಕ್ರಿಯಾಪದ? ಕೋರುತ್ತಾರೆ. ಯಾರನ್ನು? ನಿಮ್ಮನ್ನು. ಇದು ಹುಟ್ಟಿನಿಂದ ಮದುವೆಯ ವಾಕ್ಯವೇ ಅಲ್ಲ, ಊಟಕ್ಕೆ ಕರೆಯುವ ವಾಕ್ಯ. ಇಂಗ್ಲೆಂಡಿನ ಉಳ್ಳವರ ಮನೆಗಳಲ್ಲಿ ಊಟಕ್ಕೋ ನೃತ್ಯಕ್ಕೋ ಕರೆಯುವಾಗ 'ಇಂಥ ದಂಪತಿ ಇಂಥವರ ಸಾಂಗತ್ಯವನ್ನು ಕೋರುತ್ತಾರೆ' ಅಂತ ಪ್ರಥಮ ಪುರುಷದಲ್ಲಿ ಚೀಟಿ ಕಳಿಸುವ ರೂಢಿ ಇತ್ತು. ಮದುವೆ ಕಾರ್ಡು ಅದೇ ಚೀಟಿಯ ದೊಡ್ಡಮ್ಮನ ಮಗಳು. ಮದುವೆಯ ಊಟ ಹುಡುಗಿಯ ಮನೆಯಲ್ಲಿ, ಆದ್ದರಿಂದ ಕರೆಯುವವರು ಹುಡುಗಿಯ ಅಪ್ಪ ಅಮ್ಮ. ಹುಡುಗನ ಕಡೆಯವರು? ಅವರೂ ಅತಿಥಿಗಳೇ! ಅತಿಥಿಗಳ ಹೆಸರನ್ನು ಆಮಂತ್ರಣದ ತಲೆಯಲ್ಲಿ ಯಾರು ಹಾಕ್ತಾರೆ? ಸತ್ತವರು ಕರೆಯಲಾರರು ಅನ್ನುವ ಕಟ್ಟಳೆಯೂ ಇದರಿಂದಲೇ ಬರುತ್ತೆ. ಆತಿಥೇಯರಾಗಿ ಬಾಗಿಲಲ್ಲಿ ನಿಲ್ಲಲಾರದವರ ಹೆಸರು ಕರೆಯುವವರ ಜಾಗದಲ್ಲಿ ಇರೋ ಹಾಗಿಲ್ಲ.

ಇಟಲಿಯ ಸಾಂಪ್ರದಾಯಿಕ ಕಾಗದಕ್ಕೆ ಹೆಸರೇ ಬೇರೆ: ಪಾರ್ತೆಚಿಪಾತ್ಸಿಯೋನೆ. ಆಮಂತ್ರಣ ಅನ್ನೋದಕ್ಕೆ ಅವರಲ್ಲಿ ಇನ್ವೀತೊ ಅನ್ನೋ ಪದ ಇದೆ, ಅದು ಬೇರೆಯೇ ಒಂದು ಸಣ್ಣ ಕಾರ್ಡು. ಪಾರ್ತೆಚಿಪಾತ್ಸಿಯೋನೆ ಅಂದರೆ ತಿಳಿಯಪಡಿಸುವುದು, ಸುದ್ದಿಯಲ್ಲಿ ಪಾಲು ಕೊಡುವುದು. ಅದರಲ್ಲಿ 'ನೀವು' ಎಂಬ ವ್ಯಕ್ತಿಯೇ ಇಲ್ಲ. 'ಇಂಥವರು ತಮ್ಮ ಮಗಳ ಮದುವೆ ಇಂಥವನೊಂದಿಗೆ ನಡೆಯುವುದನ್ನು ತಿಳಿಸುತ್ತಾರೆ' ಅಂತ ಒಂದು ಕಡೆ. 'ಇಂಥವರು ತಮ್ಮ ಮಗನ ಮದುವೆ ಇಂಥವಳೊಂದಿಗೆ ನಡೆಯುವುದನ್ನು ತಿಳಿಸುತ್ತಾರೆ' ಅಂತ ಅದರ ಪಕ್ಕದಲ್ಲೇ. ಎರಡು ಮನೆ, ಎರಡು ಕಂಬ, ಒಂದೇ ಸುದ್ದಿ. ಕೆಳಗೆ ನಡುವೆ ಚರ್ಚು, ತಾರೀಕು, ವೇಳೆ. ಊಟಕ್ಕೆ ಕರೆಯದವರಿಗೂ ಇದನ್ನು ಕಳಿಸಬಹುದು. ಊಟಕ್ಕೂ ಬರಬೇಕಾದವರ ಲಕೋಟೆಯೊಳಗೆ ಆ ಸಣ್ಣ ಇನ್ವೀತೊ ಇಡ್ತಾರೆ. ಇಂಗ್ಲಿಷಿನಲ್ಲಿ ಒಂದೇ ವಾಕ್ಯ ಮಾಡುವ ಕೆಲಸವನ್ನು ಇಲ್ಲಿ ಎರಡು ಕಾಗದ ಹಂಚಿಕೊಂಡಿವೆ. ಜೇನ್ ಅನುವಾದಿಸಿದ್ದು ಆಮಂತ್ರಣವನ್ನು. ಆ ತಾಯಿ ಹುಡುಕುತ್ತಿದ್ದದ್ದು ಸುದ್ದಿಯನ್ನು.

ಮದುವೆ ಅಂದರೆ ಎರಡು ಮನೆತನಗಳ ಸುದ್ದಿ ಅನ್ನೋದು ಇಟಲಿಯಲ್ಲಿ ಎಷ್ಟು ಹಳೆಯದು ಅಂತ ಹುಡುಕುತ್ತಾ ಹೋದಾಗ ಒಂದು ಪತ್ರ ಸಿಕ್ಕಿತು. ಅದೇ ನನ್ನ ಈ ಇಡೀ ಹುಡುಕಾಟದ ಹೂರಣ.

1447ರ ಆಗಸ್ಟ್ 24. ಫ್ಲಾರೆನ್ಸ್. ಅಲೆಸ್ಸಾಂದ್ರಾ ಮಾಚಿಂಗಿ ಸ್ತ್ರೊಜ್ಜಿ ಎಂಬ ವಿಧವೆ ನೇಪಲ್ಸ್‌ನಲ್ಲಿದ್ದ ತನ್ನ ದೊಡ್ಡ ಮಗ ಫಿಲಿಪ್ಪೊನಿಗೆ ಪತ್ರ ಬರೆಯುತ್ತಾಳೆ. ಅವಳ ಗಂಡ ಮತ್ತೇಓನನ್ನು ಮೆದಿಚಿಗಳ ಕಾಲದಲ್ಲಿ ಊರಿನಿಂದ ಹೊರಹಾಕಿದ್ದರು, ಅವನು 1435ರಲ್ಲಿ ಪೆಸಾರೊ ಎಂಬ ಊರಿನಲ್ಲಿ ಸತ್ತ. ಮಕ್ಕಳನ್ನು ಕಟ್ಟಿಕೊಂಡು ಫ್ಲಾರೆನ್ಸಿನಲ್ಲಿ ಉಳಿದವಳು ಇವಳು. ಪತ್ರದ ಮುಖ್ಯ ಸುದ್ದಿ ಮಗಳು ಕಾತೆರೀನಾಳ ಸಂಬಂಧ ಗೊತ್ತಾದದ್ದು. ಹುಡುಗ ಮಾರ್ಕೊ ಪಾರೆಂತಿ, ಇಪ್ಪತ್ತೈದು ವರ್ಷ, ರೇಷ್ಮೆ ವ್ಯಾಪಾರದ ಮನೆ, ಹಣವಂತರು, ಒಬ್ಬನೇ ಮಗ. ವರದಕ್ಷಿಣೆ ಸಾವಿರ ಫ್ಲಾರಿನ್. ಹುಡುಗಿಗೆ ಹದಿನಾರು.

ಈ ಪತ್ರದಲ್ಲಿ ಸಂಭ್ರಮಕ್ಕಿಂತ ಲೆಕ್ಕ ಜಾಸ್ತಿ. ಸಾವಿರದಲ್ಲಿ ಎಷ್ಟು ಸರ್ಕಾರದ ವರದಕ್ಷಿಣೆ ನಿಧಿಯಿಂದ ಬರುತ್ತೆ, ಎಷ್ಟನ್ನು ರೊಕ್ಕದಲ್ಲೂ ಬಟ್ಟೆಬರೆಯಲ್ಲೂ ಕೊಡಬೇಕು ಅಂತ ಬರೆಯುತ್ತಾಳೆ. (ಹೌದು, ಫ್ಲಾರೆನ್ಸಿನಲ್ಲಿ ಹೆಣ್ಣುಮಕ್ಕಳ ವರದಕ್ಷಿಣೆಗೆಂದೇ ಸರ್ಕಾರಿ ಠೇವಣಿ ಇತ್ತು, ಮೋಂತೆ ದೆಲ್ಲೆ ದೋತಿ ಅಂತ. ಅದೇ ಇನ್ನೊಂದು ಪೋಸ್ಟ್ ಆಗುವಷ್ಟಿದೆ.) ಇನ್ನೂ ದೊಡ್ಡ ಮನೆತನಕ್ಕೆ ಕೊಡಬಹುದಿತ್ತು, ಆದರೆ ಅದಕ್ಕೆ ಸಾವಿರದ ನಾನೂರೋ ಐನೂರೋ ಬೇಕಾಗುತ್ತಿತ್ತು, ಅದು ನಮ್ಮಿಬ್ಬರನ್ನೂ ಮುಳುಗಿಸುತ್ತಿತ್ತು ಅಂತ ಮಗನಿಗೆ ಸಮಜಾಯಿಷಿ ಕೊಡ್ತಾಳೆ. ಹತ್ತೊಂಬತ್ತು ವರ್ಷದ ಮಗನಿಗೆ! ಅವನೇ ಈಗ ಮನೆಯ ಗಂಡುದಿಕ್ಕು.

ಆಗ ಫ್ಲಾರೆನ್ಸಿನಲ್ಲಿ ಮದುವೆ ಅನ್ನೋದು ಒಂದು ದಿನದ ಕೆಲಸ ಆಗಿರಲಿಲ್ಲ. ಮೊದಲು ದಲ್ಲಾಳಿ ಮಾತು ತರ್ತಾನೆ. ಎರಡೂ ಕಡೆಯ ಗಂಡಸರು ಕೈ ಕುಲುಕಿ ಒಪ್ಪಂದ ಮಾಡ್ಕೊಳ್ತಾರೆ. ಆಮೇಲೆ ಬಂಧುಗಳ ಮುಂದೆ ಮಾತು ಕೊಡುವುದು, ಅದಾದ ಮೇಲೆ ಹುಡುಗಿಯ ಮನೆಯಲ್ಲಿ ನೋಟರಿಯ ಮುಂದೆ ಉಂಗುರ. ಕೊನೆಗೆ ಮೆರವಣಿಗೆಯಲ್ಲಿ ಗಂಡನ ಮನೆಗೆ. ಪಾದ್ರಿ ಕಡ್ಡಾಯ ಆಗಿರಲಿಲ್ಲ. ಗಂಡು ಹೆಣ್ಣು ಒಪ್ಪಿದರೆ ಸಾಕು, ಗುಟ್ಟಾಗಿ ಒಪ್ಪಿದರೂ ಅದು ಮದುವೆಯೇ ಅನ್ನುವುದು ಚರ್ಚಿನ ಅಂದಿನ ಕಾನೂನು. ಈ ಇಡೀ ನಂಟಿಗೆ ಪಾರೆಂತಾದೊ ಅನ್ನುತ್ತಿದ್ದರು, ಅಂದರೆ ಬೀಗತನ. ಮದುವೆಯಾಗುವುದು ಇಬ್ಬರಾದರೂ ಬೀಗರಾಗುವುದು ಎರಡು ಮನೆ. ಬಂಧುಗಳಿಗೆಲ್ಲ ಪತ್ರ ಬರೆದು ತಿಳಿಸುವುದು ಮನೆಯ ಯಜಮಾನನ ಕರ್ತವ್ಯ. ಅಲೆಸ್ಸಾಂದ್ರಾಳ ಮನೆಯಲ್ಲಿ ಯಜಮಾನ ಇರಲಿಲ್ಲ, ಅವಳೇ ತಿಳಿಸಿದಳು.

ಗುಟ್ಟಿನ ಮದುವೆಗಳಿಗೆ ಲಗಾಮು ಹಾಕಿದ್ದು ಟ್ರೆಂಟ್ ನಗರದಲ್ಲಿ ಸೇರಿದ್ದ ಕ್ಯಾಥೊಲಿಕ್ ಮಹಾಸಭೆ. 1563ರ ನವೆಂಬರಿನಲ್ಲಿ ಅದು ಹೊರಡಿಸಿದ ತಮೇತ್ಸಿ ಎಂಬ ಆಜ್ಞೆ ಮೂರು ಹಬ್ಬದ ದಿನ ಚರ್ಚಿನಲ್ಲಿ ಮದುವೆಯನ್ನು ಸಾರಬೇಕು, ಪಾದ್ರಿ ಮತ್ತು ಇಬ್ಬರೋ ಮೂವರೋ ಸಾಕ್ಷಿಗಳ ಮುಂದೆ ಮದುವೆ ನಡೆಯಬೇಕು, ಇಲ್ಲದಿದ್ದರೆ ಅದು ಮದುವೆಯೇ ಅಲ್ಲ ಅಂದಿತು. ಅಲೆಸ್ಸಾಂದ್ರೊ ಮಾಂತ್ಸೋನಿಯ 'ಇ ಪ್ರೊಮೆಸ್ಸಿ ಸ್ಪೋಸಿ' ಕಾದಂಬರಿಯ ಕಥೆ ನಿಂತಿರುವುದೇ ಈ ನಿಯಮದ ಮೇಲೆ. 1628ರ ಕಥೆ ಅದು. ಹೆದರಿದ ಪಾದ್ರಿ ಮದುವೆ ಮಾಡಿಸೋದಿಲ್ಲ ಅಂತಾನೆ. ಹುಡುಗ ಹುಡುಗಿ ಇಬ್ಬರು ಸಾಕ್ಷಿಗಳೊಂದಿಗೆ ರಾತ್ರಿ ಅವನ ಮನೆಗೆ ನುಗ್ಗಿ, ಅವನ ಕಿವಿಗೆ ಬೀಳುವಂತೆ 'ಇವಳು ನನ್ನ ಹೆಂಡತಿ', 'ಇವನು ನನ್ನ ಗಂಡ' ಅಂತ ಹೇಳಿಬಿಡಲು ನೋಡ್ತಾರೆ. ಪಾದ್ರಿ ಒಪ್ಪಬೇಕು ಅಂತ ಆಜ್ಞೆಯಲ್ಲಿ ಇರಲಿಲ್ಲ, ಅವನು ಅಲ್ಲಿದ್ದರೆ ಸಾಕಿತ್ತು! ಹುಡುಗಿ ಮಾತು ಮುಗಿಸುವ ಮೊದಲೇ ಪಾದ್ರಿ ಮೇಜಿನ ಬಟ್ಟೆ ಎಳೆದು ಅವಳ ಮುಖಕ್ಕೆ ಮುಚ್ಚುತ್ತಾನೆ. ನಾವು ಟೆಸ್ಟಿಂಗ್‌ನವರು ಕಂಡರೆ ಹೆದರುವ ಥರದ ಲೂಪ್‌ಹೋಲು ಇದು.

ಇಂಗ್ಲೆಂಡಿನಲ್ಲೂ ಚರ್ಚಿನಲ್ಲಿ ಸಾರುವ ಪದ್ಧತಿ ಇತ್ತು, 1753ರ ಕಾನೂನು ಅದನ್ನು ಬಿಗಿ ಮಾಡಿತು. ಆದ್ದರಿಂದ ಸಾರುವುದೊಂದೇ ಎರಡೂ ಕಾರ್ಡುಗಳ ವ್ಯತ್ಯಾಸಕ್ಕೆ ಕಾರಣ ಅನ್ನಲಾಗದು. ಆದರೆ ಇಟಲಿಯಲ್ಲಿ ಸುದ್ದಿ ಸಾರುವುದು ಚರ್ಚಿನಿಂದ ಆಚೆಗೂ ಒಂದು ಸಂಭ್ರಮವಾಗಿ ಬೆಳೆಯಿತು. ಮದುವೆಗೆಂದೇ ಪದ್ಯಗಳನ್ನು ಬಿಡಿಹಾಳೆಗಳಲ್ಲಿ, ಪುಸ್ತಿಕೆಗಳಲ್ಲಿ ಅಚ್ಚು ಹಾಕಿಸಿ ಹಂಚುತ್ತಿದ್ದರು. 19ನೇ ಶತಮಾನದಲ್ಲಿ ವಿದ್ವಾಂಸರು ಸ್ನೇಹಿತರ ಮನೆಯ ಮದುವೆಗೆ ಎಲ್ಲೂ ಅಚ್ಚಾಗದ ಹಳೆಯ ಪತ್ರವನ್ನೋ ದಾಖಲೆಯನ್ನೋ ಸಂಪಾದಿಸಿ, ಪುಟ್ಟ ಪುಸ್ತಕ ಮಾಡಿ ಉಡುಗೊರೆ ಕೊಡುತ್ತಿದ್ದರು. ಮುಖಪುಟದಲ್ಲಿ 'ನೋತ್ಸೆ', ಅಂದರೆ ಮದುವೆ, ಮತ್ತು ಎರಡು ಮನೆತನಗಳ ಹೆಸರು, ನಡುವೆ ಒಂದು ಅಡ್ಡಗೆರೆ. ಹುಡುಗ ಹುಡುಗಿಯ ಹೆಸರಿಗಿಂತ ದೊಡ್ಡದಾಗಿ! ಓಲ್ಗಾ ಪಿಂತೊ ಎಂಬ ಗ್ರಂಥಪಾಲಕಿ 1484ರಿಂದ 1799ರವರೆಗಿನ ಇಂಥ ಮದುವೆ ಮುದ್ರಣಗಳ ಪಟ್ಟಿಯನ್ನೇ ಒಂದು ಪುಸ್ತಕವಾಗಿ ಮಾಡಿದ್ದಾರೆ. ನಮ್ಮಲ್ಲಿ ಮದುವೆಗೆ ಬಂದವರಿಗೆ ಸ್ಟೀಲ್ ಡಬ್ಬಿ ಕೊಡ್ತೀವಿ. ಹಳೇ ಕಡತ ಕೊಟ್ಟರೆ ಯಾರಾದರೂ ತಗೋತಾರಾ?

ಇಷ್ಟೆಲ್ಲ ಓದಿ ಲೂಕಾನಿಗೆ ಹೇಳಿದೆ. ಅವನು "ಸರಿ, ಈಗ ಏನು ಬರೆಯೋದು?" ಅಂದ. ನ್ಯಾಯವಾದ ಪ್ರಶ್ನೆ.

ಎರಡು ಕಂಬ ಮಾಡೋಣ ಅಂತ ಕೂತೆವು. ಎಡಗಡೆ ಹುಡುಗಿಯ ಮನೆ. ಮೊದಲ ಸಾಲಲ್ಲೇ ಸಿಕ್ಕಿಕೊಂಡೆವು. 'ಮಿಸ್ಟರ್ ಅಂಡ್ ಮಿಸೆಸ್ ವಿಲಿಯಮ್ ಸ್ಮಿತ್' ಅನ್ನೋದನ್ನು ಇಟಾಲಿಯನ್‌ಗೆ ತರಲು ಹುಡುಗಿಯ ಅಮ್ಮನ ಹೆಸರು ಬೇಕು, ಇಂಗ್ಲಿಷ್ ಕಾರ್ಡಿನಲ್ಲಿ ಅದು ಎಲ್ಲೂ ಇಲ್ಲ! 'ಸಿಞೋರಾ ವಿಲಿಯಮ್ ಸ್ಮಿತ್' ಅಂದರೆ ಇಟಾಲಿಯನ್ನರ ಕಿವಿಗೆ ವಿಲಿಯಮ್ ಅನ್ನೋ ಹೆಸರಿನ ಹೆಂಗಸು ಅಂತಲೇ ಕೇಳಿಸೋದು. ಹೆಂಡತಿಯನ್ನು ಗಂಡನ ಪೂರ್ತಿ ಹೆಸರಿನಿಂದ ಕರೆಯುವ ಈ ಇಂಗ್ಲಿಷ್ ಪದ್ಧತಿಯ ಬೆನ್ನಿಗೆ ಒಂದು ಕಾನೂನಿನ ಕಲ್ಪನೆ ಇತ್ತು. 1765ರಲ್ಲಿ ವಿಲಿಯಮ್ ಬ್ಲ್ಯಾಕ್‌ಸ್ಟೋನ್ ಬರೆದ ಪ್ರಕಾರ ಮದುವೆಯಾದ ಮೇಲೆ ಕಾನೂನಿನ ಕಣ್ಣಿಗೆ ಗಂಡ ಹೆಂಡಿರು ಒಬ್ಬರೇ ವ್ಯಕ್ತಿ. ಆ ಒಬ್ಬರು ಯಾರು ಅಂತ ಹೇಳಬೇಕಿಲ್ಲ. ಕಾನೂನು ಬದಲಾದ ಎಷ್ಟೋ ಕಾಲದ ಮೇಲೂ ಲಕೋಟೆ, ಮದುವೆ ಕಾರ್ಡುಗಳಲ್ಲಿ ಅದು ಉಳಿದುಬಿಟ್ಟಿದೆ. ಜೇನ್ ಮನೆಗೆ ಫೋನ್ ಮಾಡಿ ಅಮ್ಮನ ಹೆಸರನ್ನು ಹೇಗೆ ಹಾಕಬೇಕು ಅಂತ ಕೇಳಿದಳು. ಅಲ್ಲಿಂದ 'ಮಾರ್ಗರೆಟ್ ಅಂತ ಹಾಕು' ಅಂತ ಉತ್ತರ ಬಂತು.

ಬಲಗಡೆ ಲೂಕಾನ ಅಮ್ಮ. ಇವರ ಹೆಸರು ಆನ್ನಾ ಅಂದುಕೊಳ್ಳಿ, ತವರಿನ ಹೆಸರು ಬಿಯಾಂಕಿ. ಇಟಲಿಯ 1942ರ ನಾಗರಿಕ ಸಂಹಿತೆಯಲ್ಲಿ ಹೆಂಡತಿ ಗಂಡನ ಮನೆತನದ ಹೆಸರನ್ನು ಪಡೆಯುತ್ತಾಳೆ ಅಂತಿತ್ತು. 1975ರ ಕುಟುಂಬ ಕಾನೂನಿನ ಸುಧಾರಣೆ ಅದನ್ನು ತಿದ್ದಿ, ಹೆಂಡತಿ ತನ್ನ ಹೆಸರಿಗೆ ಗಂಡನ ಹೆಸರನ್ನು ಸೇರಿಸಿಕೊಳ್ಳುತ್ತಾಳೆ ಅಂತ ಮಾಡಿತು. ವಿಧವೆಯಾದರೂ, ಮತ್ತೆ ಮದುವೆಯಾಗುವವರೆಗೆ, ಅದು ಅವಳದೇ. ಅಂದರೆ ಆನ್ನಾ ರೊಸ್ಸಿ, ಆನ್ನಾ ಬಿಯಾಂಕಿ, ಆನ್ನಾ ಬಿಯಾಂಕಿ ರೊಸ್ಸಿ ಎಲ್ಲವೂ ನಡೆಯುತ್ತೆ. ಅವರ ಅಣ್ಣ ಒಬ್ಬರು 'ಆನ್ನಾ ಬಿಯಾಂಕಿ, ವೇದೊವಾ ರೊಸ್ಸಿ' ಅಂತ ಹಾಕಿ ಅಂದರಂತೆ. ವೇದೊವಾ ಅಂದರೆ ವಿಧವೆ. (ನಮ್ಮ ಪದಕ್ಕೆ ಎಷ್ಟು ಹತ್ತಿರ ನೋಡಿ. ಬೇರು ಒಂದೇ.) ಆಯಮ್ಮ ಒಪ್ಪಲಿಲ್ಲ. ಇಟಲಿಯ ಊರುಗಳಲ್ಲಿ ಯಾರಾದರೂ ತೀರಿಕೊಂಡರೆ ಗೋಡೆಗಳಿಗೆ ಹೆಸರು ಸಮೇತ ಪ್ರಕಟಣೆ ಅಂಟಿಸ್ತಾರೆ. ಆ ಪದ ಇರಬೇಕಾದ್ದು ಅಲ್ಲಿ, ಮದುವೆ ಕಾಗದದಲ್ಲಲ್ಲ ಅಂದರಂತೆ.

ಇದನ್ನು ಕೇಳಿದಾಗ ನಮ್ಮ ಚಿಕ್ಕಮ್ಮ ನೆನಪಾದರು. ಚಿಕ್ಕಪ್ಪ ಹೋದ ಮೇಲೆ ಮಗನ ಮದುವೆ ಪತ್ರಿಕೆಯಲ್ಲಿ 'ಶ್ರೀಮತಿ ಮತ್ತು ಶ್ರೀ' ಅಂತ ದೊಡ್ಡಪ್ಪ ದೊಡ್ಡಮ್ಮನ ಹೆಸರು ಹಾಕಿಸಿದ್ದರು. ಚಿಕ್ಕಮ್ಮನ ಹೆಸರು 'ದಿ||' ಚಿಕ್ಕಪ್ಪನ ಹೆಸರಿನ ಜೊತೆ ಒಳಗೆ ಸಣ್ಣ ಅಕ್ಷರದಲ್ಲಿತ್ತು. ಯಾರೂ ಕೆಟ್ಟ ಮನಸ್ಸಿನಿಂದ ಮಾಡಿದ್ದಲ್ಲ, ಪ್ರೆಸ್ಸಿನವನ ಹತ್ತಿರ ಇದ್ದ ನಮೂನೆಯೇ ಹಾಗಿತ್ತು. ಚಿಕ್ಕಮ್ಮ ಆ ಪತ್ರಿಕೆಗಳಿಗೆಲ್ಲ ತಾವೇ ಅರಿಶಿನ ಕುಂಕುಮ ಹಚ್ಚಿದರು. "ಮತ್ತೆ, ನಾನು?" ಅಂತ ಅವರು ಕೇಳಲಿಲ್ಲ. ಕೇಳಬಹುದಿತ್ತು ಅಂತ ನನಗೆ ಆಗ ಹೊಳೆದಿರಲೂ ಇಲ್ಲ.

ಇರಲಿ. ಕೊನೆಗೆ ಕಾಗದ ಹೀಗಾಯ್ತು. ಎಡಗಡೆ:

ವಿಲಿಯಮ್ ಎ ಮಾರ್ಗರೆಟ್ ಸ್ಮಿತ್
ಪಾರ್ತೇಚಿಪನೊ ಇಲ್ ಮಾತ್ರಿಮೋನಿಯೊ
ದೆಲ್ಲಾ ಫಿಲ್ಯಾ ಜೇನ್
ಕೊನ್ ಲೂಕಾ ರೊಸ್ಸಿ

ಬಲಗಡೆ:

ಆನ್ನಾ ಬಿಯಾಂಕಿ ರೊಸ್ಸಿ
ಪಾರ್ತೇಚಿಪ ಇಲ್ ಮಾತ್ರಿಮೋನಿಯೊ
ದೆಲ್ ಫಿಲ್ಯೊ ಲೂಕಾ
ಕೊನ್ ಜೇನ್ ಸ್ಮಿತ್

ಎರಡನೇ ಸಾಲು ಗಮನಿಸಿ. ಎಡಗಡೆ ಇಬ್ಬರು, ಆದ್ದರಿಂದ ಬಹುವಚನ, ಪಾರ್ತೇಚಿಪನೊ. ಬಲಗಡೆ ಒಬ್ಬರೇ, ಆದ್ದರಿಂದ ಪಾರ್ತೇಚಿಪ. ಆ 'ನೊ' ಇರಬೇಕಾದ ಜಾಗದಲ್ಲಿ ಲೂಕಾನ ಅಪ್ಪ ಇಲ್ಲ. ಬೇರೆ ಯಾವ ಪದವೂ ಅದನ್ನು ಹೇಳುವುದಿಲ್ಲ, ಹೇಳಬೇಕಾಗಿಯೂ ಇಲ್ಲ. 'ಮಿಸ್ಟರ್' ಎರಡೂ ಕಡೆಯಿಂದ ಬಿದ್ದುಹೋಯಿತು. ಹುಡುಗನಿಗೆ ಮಾತ್ರ ಮಿಸ್ಟರ್ ಅಂತ ಹಾಕಿ ಹುಡುಗಿಗೆ ಏನೂ ಹಾಕದಿರುವುದು ಇಟಾಲಿಯನ್‌ನಲ್ಲಿ ವಿಚಿತ್ರವಾಗಿ ಕಾಣುತ್ತೆ. ಇಂಗ್ಲಿಷಿನ 'ದೇರ್', ಅಂದರೆ 'ತಮ್ಮ', ಅದೂ ಹೋಯಿತು. ಮಗಳು ಯಾರ ಮಗಳು ಅಂತ ವಾಕ್ಯವೇ ಹೇಳುತ್ತಲ್ಲ. ಇಂಗ್ಲಿಷಿನ 'ಟು', ಅಂದರೆ ಮಗಳನ್ನು ಅವನಿಗೆ ಕೊಡುವ 'ಗೆ', ಇಲ್ಲಿ 'ಕೊನ್' ಆಯಿತು, ಅಂದರೆ 'ಜೊತೆ'. ಬಲಗಡೆಯ ಕಂಬದಲ್ಲಿ ಜೇನ್‌ಗೆ ಮನೆತನದ ಹೆಸರು ಬಂತು. ಕನ್ಯಾದಾನದ ವಿಭಕ್ತಿ ಬದಲಾದದ್ದನ್ನು ಜೇನ್‌ಗೆ ತೋರಿಸಿದಾಗ ಅವಳು ಬಹಳ ಖುಷಿಪಟ್ಟಳು.

ಕೆಳಗೆ ನಡುವೆ 'ಸಾಬತೊ 1° ಲೂಲ್ಯೊ 2023, ಓರೆ 16.30'. ಇಟಾಲಿಯನ್‌ನಲ್ಲಿ ತಿಂಗಳ ಒಂದನೇ ತಾರೀಕಿಗೆ ಮಾತ್ರ 'ಮೊದಲನೆಯ' ಅಂತಾರೆ, ಎರಡರಿಂದ ಮುಂದಕ್ಕೆ ಬರೀ ಎರಡು, ಮೂರು. ಆದ್ದರಿಂದ ಆ ಸಣ್ಣ ಸೊನ್ನೆ. ಜುಲೈ ಎರಡಕ್ಕೆ ಮದುವೆ ಇದ್ದಿದ್ದರೆ ಅದು ಬೇಡ. ವಾರ, ತಿಂಗಳುಗಳನ್ನು ದೊಡ್ಡಕ್ಷರದಲ್ಲಿ ಶುರು ಮಾಡಿದರೂ ತಪ್ಪು.

ಇಷ್ಟು ಮಾಡಿ ಪ್ರೂಫ್ ತರಿಸಿದರೆ ಅದರಲ್ಲೊಂದು ಎಡವಟ್ಟು. ಫೈಲು ನೋಡಿದ ಯಾರೋ ಪುಣ್ಯಾತ್ಮರು 'ಇಲ್ ಮಾತ್ರಿಮೋನಿಯೊ' ಅನ್ನೋದನ್ನು ತಪ್ಪು ಅಂದುಕೊಂಡು 'ಆಲ್ ಮಾತ್ರಿಮೋನಿಯೊ' ಅಂತ ತಿದ್ದಿದ್ದರು. ಇವತ್ತಿನ ಆಡುಮಾತಿನಲ್ಲಿ ಪಾರ್ತೆಚಿಪಾರೆ ಅಂದರೆ ಭಾಗವಹಿಸು ಅಂತ, ಅದರ ಮುಂದೆ 'ಆ' ಬರುತ್ತೆ. 'ತಿಳಿಸು' ಅನ್ನುವ ಹಳೆಯ ಅರ್ಥದಲ್ಲಿ ಅದಕ್ಕೆ ನೇರ ಕರ್ಮ ಬೇಕು. ಈ ಅರ್ಥ ಈಗ ಉಳಿದಿರುವುದು ಹೆಚ್ಚಾಗಿ ಮದುವೆ, ಸಾವಿನ ಕಾಗದಗಳಲ್ಲೇ. ಒಂದು ಸ್ವರ ಬದಲಾಗಿ 'ಸ್ಮಿತ್ ದಂಪತಿ ಮಗಳ ಮದುವೆಯಲ್ಲಿ ಭಾಗವಹಿಸಲಿದ್ದಾರೆ' ಅಂತ ಆಗಿತ್ತು! ಅಕ್ಷರ ತಪ್ಪು ಹುಡುಕುವ ಯಾವ ತಂತ್ರಾಂಶಕ್ಕೂ ಇದು ಸಿಕ್ಕುವುದಿಲ್ಲ, ಎರಡೂ ಶುದ್ಧ ಇಟಾಲಿಯನ್ನೇ. ಸಿಕ್ಕಿದ್ದು ಆನ್ನಾ ಅವರ ಕನ್ನಡಕಕ್ಕೆ.

ಇನ್ನು ಊಟದ ಸಣ್ಣ ಕಾರ್ಡು, ಇನ್ವೀತೊ. ಇದರಲ್ಲಿ ಜೇನ್ ಮತ್ತು ಲೂಕಾ 'ಸಮಾರಂಭದ ನಂತರ ಬಂಧುಮಿತ್ರರನ್ನು ಕಾಣಲು ಸಂತೋಷಪಡುತ್ತಾರೆ' ಅಂತ ಬರುತ್ತೆ. ಇಂಗ್ಲಿಷಿನ 'ಆನರ್', 'ಪ್ಲೆಷರ್' ಎರಡಕ್ಕೂ ಸಲ್ಲಬೇಕಾದ ವಿನಯ ಇಲ್ಲಿ ಬಂದು ಕೂತಿತು. ಇಲ್ಲೊಂದು ಹಳ್ಳ ಇದೆ. ಇಟಾಲಿಯನ್‌ನ ಪಾರೆಂತಿ ಅಂದರೆ ಪೇರೆಂಟ್ಸ್ ಅಲ್ಲ, ಬಂಧುಗಳು. ಅಪ್ಪ ಅಮ್ಮನಿಗೆ ಜೆನಿತೋರಿ ಅನ್ನಬೇಕು. ಇತ್ತೀಚೆಗೆ ಇಂಗ್ಲಿಷ್ ಕಾರ್ಡುಗಳಲ್ಲಿ 'ಟುಗೆದರ್ ವಿತ್ ದೇರ್ ಪೇರೆಂಟ್ಸ್' ಅಂತ ಶುರು ಮಾಡ್ತಾರಲ್ಲ, ಅದನ್ನು ಕಿವಿಗೆ ಕೇಳಿದಂತೆ ಅನುವಾದಿಸಿದರೆ ಅಪ್ಪ ಅಮ್ಮ ಹೋಗಿ ಸೋದರತ್ತೆಯರೆಲ್ಲ ಬಂದು ಕರೆಯೋ ಹಾಗಾಗುತ್ತೆ.

ಅಮೆರಿಕದ ಲಕೋಟೆಯಲ್ಲಿ ಇನ್ನೂ ಎರಡು ಚೀಟಿ ಇದ್ದವು. ಒಂದು ಉತ್ತರದ ಕಾರ್ಡು, ಅದರಲ್ಲಿ 'ಎಂ' ಅಂತ ಒಂದೇ ಅಕ್ಷರ, ಮುಂದೆ ಖಾಲಿ ಗೆರೆ. ಮಿಸ್ಟರೋ ಮಿಸೆಸ್ಸೋ ಅಂತ ಶುರು ಮಾಡಿ ಹೆಸರು ಬರೆಯಲಿ ಅಂತ. ಇಟಲಿಯವರಿಗೆ ಅದು ಒಗಟು. ತೆಗೆದು 'ಉತ್ತರ ತಿಳಿಸಿದರೆ ಸಂತೋಷ' ಅನ್ನುವ ಒಂದು ಸಾಲು ಹಾಕಿದೆವು. ಇನ್ನೊಂದು, ಚರ್ಚಿನ ಹತ್ತಿರ ದಯವಿಟ್ಟು ಕನ್‌ಫೆಟಿ ಬೇಡ ಅನ್ನುವ ಸೂಚನೆ. ಬಣ್ಣದ ಕಾಗದದ ಚೂರು ಎರಚಬೇಡಿ ಅಂತ ಅವರ ಅರ್ಥ. ಆದರೆ ಇಟಾಲಿಯನ್‌ನಲ್ಲಿ ಕೊನ್‌ಫೆತ್ತಿ ಅಂದರೆ ಮದುವೆಯಲ್ಲಿ ಕೊಡುವ ಸಕ್ಕರೆ ಲೇಪಿಸಿದ ಬಾದಾಮಿ, ಐದೈದರಂತೆ ಪೊಟ್ಟಣ ಕಟ್ಟಿ ಹಂಚೋದು. ಕಾಗದದ ಚೂರಿಗೆ ಕೊರಿಯಾಂದೊಲಿ ಅಂತಾರೆ. ಹಾಗೇ ಬಿಟ್ಟಿದ್ದರೆ 'ದಯವಿಟ್ಟು ನಮ್ಮ ಮದುವೆಯಲ್ಲಿ ಬಾದಾಮಿ ಕೇಳಬೇಡಿ' ಅಂತ ಊರಿಗೆಲ್ಲ ಸಾರಿದ ಹಾಗಾಗುತ್ತಿತ್ತು :)

ಅಮೆರಿಕದ ನೆಂಟರಿಗೆ ಇಂಗ್ಲಿಷ್ ಕಾರ್ಡು ಮೊದಲಿನಂತೆಯೇ ಹೋಯಿತು, ಮಿಸ್ಟರ್ ಅಂಡ್ ಮಿಸೆಸ್ ವಿಲಿಯಮ್ ಸ್ಮಿತ್ ಹೆಸರಿನಲ್ಲಿ. ಅದನ್ನು ಮುಟ್ಟಬಾರದು ಅಂತ ಜೇನ್‌ಳ ಅಮ್ಮನದೇ ಆಜ್ಞೆ. ಇಟಾಲಿಯನ್ ಕಾಗದ ನೂರಿಪ್ಪತ್ತು ಅಚ್ಚಾಯಿತು. ಮೊದಲ ಪ್ರತಿ ಆನ್ನಾ ಅವರಿಗೆ. ಈ ಸಲ ಕಾಗದ ಮೇಜಿನ ಮೇಲಿಡಲಿಲ್ಲವಂತೆ, ಪಕ್ಕದ ಮನೆಯವರಿಗೆ ತೋರಿಸಲು ಎದ್ದು ಹೋದರಂತ ಲೂಕಾ ಹೇಳಿದ.

ಪಿಡಿಎಫ್ ಅಮೆರಿಕಕ್ಕೂ ಹೋಗಿತ್ತು. ನಾಲ್ಕು ದಿನ ಬಿಟ್ಟು ಜೇನ್‌ಗೆ ಅಮ್ಮನಿಂದ ಮೇಲ್ ಬಂತು. ಇಟಾಲಿಯನ್ ಕಾಗದದ ಹತ್ತು ಪ್ರತಿ ತನಗೂ ಬೇಕು ಅಂತ. ಅವರ ನೆಂಟರಲ್ಲಿ ಇಟಾಲಿಯನ್ ಓದಲು ಬರುವವರು ಒಬ್ಬರೂ ಇಲ್ಲ. ಮತ್ತೆ ಪ್ರೆಸ್ಸಿಗೆ ಫೋನ್ ಮಾಡಿ, ನೂರಿಪ್ಪತ್ತನ್ನು ನೂರಮೂವತ್ತು ಮಾಡಿಸಿದೆವು.